ಸಣ್ಣ ಹೂಡಿಕೆದಾರರಿಗೆ: ‘ಝೀರೋ ಬ್ರೋಕರೇಜ್’ ನೋಡಬೇಡಿ, ಲೆಡ್ಜರ್ ನೋಡಿ

ಟ್ರೇಡಿಂಗ್ ಆ್ಯಪ್‌ಗಳನ್ನು ಹೋಲಿಸುವ ಮೊದಲು ನಿಮ್ಮ ಈಗಿನ ಆ್ಯಪ್‌ನಿಂದ ಒಂದು ವರ್ಷದ ಲೆಡ್ಜರ್, ಅಂದರೆ ಖಾತೆಯ ಜಮಾ-ಕಡಿತದ ಪಟ್ಟಿ ಇಳಿಸಿಕೊಂಡು, ಷೇರು ಮಾರಿದಾಗ ಬೀಳುವ ಡಿಪಿ ಚಾರ್ಜ್ ಮತ್ತು ಖಾತೆಯ ವಾರ್ಷಿಕ ನಿರ್ವಹಣಾ ಶುಲ್ಕವಾದ ಎಎಂಸಿ ಸಾಲುಗಳನ್ನು ಕೂಡಿಸಿ. ಇವೆರಡೂ ಸಾಮಾನ್ಯವಾಗಿ ವಹಿವಾಟಿನ ಬಿಲ್ಲಾದ ಕಾಂಟ್ರ್ಯಾಕ್ಟ್ ನೋಟ್‌ನಲ್ಲಿ ಕಾಣುವುದಿಲ್ಲ, ಸದ್ದಿಲ್ಲದೆ ಕಡಿತವಾಗುತ್ತವೆ. ಎಸ್‌ಟಿಟಿ, ಸ್ಟಾಂಪ್ ಡ್ಯೂಟಿಯಂಥ ಸರ್ಕಾರಿ ತೆರಿಗೆಗಳು ಎಲ್ಲ ಕಡೆಯೂ ಒಂದೇ, ಅವನ್ನು ಹೋಲಿಸಿ ಪ್ರಯೋಜನವಿಲ್ಲ. ಡಿಪಿ ಚಾರ್ಜ್ ಡಿಮ್ಯಾಟ್‌ನಿಂದ ಮಾರಿದಾಗ ಒಂದು ಕಂಪನಿಯ ಷೇರಿಗೆ ದಿನಕ್ಕೊಮ್ಮೆ ಬೀಳುತ್ತದೆ. ಒಂದು ಷೇರು ಮಾರಿದರೂ ಸಾವಿರ ಮಾರಿದರೂ ಅಷ್ಟೇ. ಹಾಗಾಗಿ ಚಿಕ್ಕ ಮೊತ್ತಕ್ಕೇ ಪೆಟ್ಟು ಹೆಚ್ಚು. ಉದಾಹರಣೆಗೆ ₹30,000 ಹೂಡಿಕೆ, ವರ್ಷಕ್ಕೆ 12 ಸಲ ಮಾರಾಟ, ಡಿಪಿ ಚಾರ್ಜ್ ಸಲಕ್ಕೆ ₹15, ಎಎಂಸಿ ₹300 ಅಂದುಕೊಳ್ಳಿ. 18% ಜಿಎಸ್‌ಟಿ ಸೇರಿ ₹212 ಮತ್ತು ₹354, ಒಟ್ಟು ₹566. ಬ್ರೋಕರೇಜ್ ಸೊನ್ನೆಯಾದರೂ ಸುಮಾರು 1.9% ಹೋಯಿತು! ಒಂದೇ ಷೇರನ್ನು ನಾಲ್ಕು ದಿನ ಚೂರುಚೂರು ಮಾರುವ ಬದಲು ಒಂದೇ ದಿನ ಮಾರಿದರೆ ಡಿಪಿ ಚಾರ್ಜ್ ಒಂದೇ ಸಲ. ಹಿಡುವಳಿ ₹4 ಲಕ್ಷದೊಳಗಿದ್ದರೆ ನಿಮ್ಮದು ಬಿಎಸ್‌ಡಿಎ ಎಂಬ ಸಣ್ಣ ಹೂಡಿಕೆದಾರರ ಡಿಮ್ಯಾಟ್ ಖಾತೆಯೇ ಎಂದು ಕೇಳಿ, ಅದಕ್ಕೆ ಎಎಂಸಿ ಇಲ್ಲ. ಆದರೆ ನಿಮ್ಮ ಹೆಸರು ಮೊದಲಿರುವ ಎರಡನೇ ಡಿಮ್ಯಾಟ್ ಇದ್ದರೆ ಆ ಸೌಲಭ್ಯ ಸಿಗದು. ಆಸೆಗೆ ತೆರೆದು ಮರೆತ ಖಾತೆಯನ್ನು ಮೊದಲು ಮುಚ್ಚಿಸಿ. ಕೊಂಡ ದಿನವೇ ಮಾರುವ ಇಂಟ್ರಾಡೇ ಮಾಡುವವರಿಗೆ ಈ ಲೆಕ್ಕ ಹೊಂದದು. ಅಲ್ಲಿ ಡಿಪಿ ಚಾರ್ಜ್ ಬೀಳುವುದಿಲ್ಲ, ಪ್ರತಿ ಆರ್ಡರ್‌ನ ಬ್ರೋಕರೇಜನ್ನೇ ನೋಡಬೇಕು.