ಹಿರಿಯರೊಂದಿಗೆ ಕಲಬುರಗಿಯಿಂದ ಬೆಂಗಳೂರಿಗೆ: ಎರಡು ಕೆಳಗಿನ ಬರ್ತ್ ಸಿಗುವಂತೆ ಟಿಕೆಟ್ ಮಾಡಿಸುವುದು ಹೇಗೆ?

ಕಲಬುರಗಿಯಿಂದ ಬೆಂಗಳೂರು ಸುಮಾರು 600 ಕಿಲೋಮೀಟರ್ ದೂರ. ಬಸ್ಸಾಗಲಿ, ರೈಲಾಗಲಿ, ರಾತ್ರಿಯಿಡೀ ಪ್ರಯಾಣ ಮಾಡಲೇಬೇಕು. ಮನೆಯ ಹಿರಿಯರನ್ನು ಆಸ್ಪತ್ರೆಗೋ ಮದುವೆಗೋ ಕರೆದೊಯ್ಯುವಾಗ ಹೆಚ್ಚಿನವರು ಯಾವುದು ಬೇಗ ತಲುಪುತ್ತದೆ, ಯಾವುದಕ್ಕೆ ಖರ್ಚು ಕಡಿಮೆ ಎಂದು ಮೊದಲು ವಿಚಾರಿಸುತ್ತಾರೆ. ಎಪ್ಪತ್ತರ ಆಸುಪಾಸಿನ ತಂದೆತಾಯಿಯ ಮಟ್ಟಿಗೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡಿವೆ: ರಾತ್ರಿ ಎದ್ದಾಗ ಯಾರನ್ನೂ ಕೇಳದೆ ಶೌಚಾಲಯಕ್ಕೆ ಹೋಗಲು ಸಾಧ್ಯವೇ? ಏಣಿ ಹತ್ತದೆ, ಮೈ ಚಾಚಿ ಮಲಗಲು ಸಾಧ್ಯವೇ? ಈ ಎರಡಕ್ಕೂ ಹೌದು ಎನ್ನುವ ಉತ್ತರ ರೈಲಿನಲ್ಲಿ ಮಾತ್ರ ಸಿಗುತ್ತದೆ, ಅದೂ ಟಿಕೆಟನ್ನು ಸರಿಯಾದ ಕ್ರಮದಲ್ಲಿ ಮಾಡಿಸಿದರೆ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗವನ್ನು ಆ ಕ್ರಮಕ್ಕೇ ಮೀಸಲಿಡಲಾಗಿದೆ.

ಮೊದಲು ಬಸ್ಸು ಮತ್ತು ವಿಮಾನದ ವಿಚಾರ

ಸ್ಲೀಪರ್ ಬಸ್ಸಿನಲ್ಲಿ ಮಲಗಲು ಜಾಗವೇನೋ ಇರುತ್ತದೆ, ಆದರೆ ಶೌಚಾಲಯ ಇರುವುದಿಲ್ಲ. ಹತ್ತು ಹನ್ನೊಂದು ತಾಸಿನ ದಾರಿಯಲ್ಲಿ ಬಸ್ಸು ಊಟಕ್ಕೆ ಒಮ್ಮೆ, ಚಹಾಕ್ಕೆ ಒಮ್ಮೆ ನಿಂತರೆ ಹೆಚ್ಚು. ಪ್ರೋಸ್ಟೇಟ್ ತೊಂದರೆ ಇರುವವರು, ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಮತ್ತು ಮಧುಮೇಹಿಗಳು ಅಷ್ಟು ಹೊತ್ತು ತಡೆದುಕೊಳ್ಳಲಾರರು. ಚಾಲಕರನ್ನು ನಿಲ್ಲಿಸಲು ಕೇಳಲು ಸಂಕೋಚಪಟ್ಟು ಅನೇಕ ಹಿರಿಯರು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಟ್ಟುಬಿಡುತ್ತಾರೆ. ನಮ್ಮ ಭಾಗದ ಬೇಸಿಗೆಯಲ್ಲಿ ಹಾಗೆ ನೀರು ಬಿಡುವುದು ಪ್ರಯಾಣದ ಆಯಾಸಕ್ಕಿಂತ ದೊಡ್ಡ ಅಪಾಯ. 2025ರ ಅಕ್ಟೋಬರ್‌ನಲ್ಲಿ ಕರ್ನೂಲು ಬಳಿ ಬೆಂಗಳೂರಿಗೆ ಹೊರಟಿದ್ದ ಸ್ಲೀಪರ್ ಬಸ್ಸೊಂದು ಹೊತ್ತಿ ಉರಿದ ದುರಂತವನ್ನೂ ನೆನೆಯಬೇಕಾಗುತ್ತದೆ. ಅಂತಹ ಹೊತ್ತಿನಲ್ಲಿ ಮಂಡಿ ಹಿಡಿದುಕೊಂಡಿರುವವರು ಮೇಲಿನ ಬರ್ತ್‌ನಿಂದ ಬೇಗನೆ ಇಳಿಯಲಾರರು.

ಬಸವಕಲ್ಯಾಣ, ಆಳಂದ, ಸುರಪುರದಂತಹ ಊರುಗಳಿಂದ ಹೊರಡುವವರಿಗೆ ಬಸ್ಸೇ ಅನಿವಾರ್ಯವಾಗುವುದುಂಟು. ಆಗ ಕೆಳಗಿನ ಬರ್ತ್ ಅನ್ನೇ, ಅದರಲ್ಲೂ ಬಸ್ಸಿನ ಮಧ್ಯಭಾಗದ್ದನ್ನೇ ಆರಿಸಿಕೊಳ್ಳಬೇಕು. ಹಿಂದಿನ ಚಕ್ರದ ಮೇಲಿನ ಮತ್ತು ಅದರಾಚೆಯ ಬರ್ತ್‌ಗಳಲ್ಲಿ ಪ್ರತಿಯೊಂದು ಉಬ್ಬೂ ಬೆನ್ನಿಗೆ ತಾಗುತ್ತದೆ. ಹತ್ತಿದ ಕೂಡಲೇ ತುರ್ತು ಬಾಗಿಲು ಎಲ್ಲಿದೆ ಎಂದು ಮನೆಯವರೊಬ್ಬರು ನೋಡಿಟ್ಟುಕೊಳ್ಳಬೇಕು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸ್ಲೀಪರ್ ಬಸ್ಸುಗಳಿಗೆ ಅನ್ವಯಿಸುವುದಿಲ್ಲ ಎಂಬುದನ್ನು ತಾಯಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ವಿಮಾನ ಪ್ರಯಾಣ ರಾತ್ರಿಯದ್ದಲ್ಲ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ಆರಂಭವಾಯಿತು, ಆದರೆ ಇಲ್ಲಿಂದಲೂ ಬೀದರ್‌ನಿಂದಲೂ ಹಾರಾಟಗಳು ಬದಲಾಗುತ್ತಲೇ ಇರುತ್ತವೆ. ಹೊರಡುವ ವಾರದಲ್ಲಿ ವಿಮಾನವಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಅದನ್ನೇ ನಂಬಿ ಕೂರುವಂತಿಲ್ಲ. ಹೈದರಾಬಾದಿಗೆ ಹೋಗಿ ವಿಮಾನ ಹತ್ತುವುದಾದರೆ ಕಲಬುರಗಿಯಿಂದ ಕಾರಿನಲ್ಲಿ ನಾಲ್ಕು ತಾಸಿಗೂ ಹೆಚ್ಚು, ನಿಲ್ದಾಣದಲ್ಲಿ ಕಾಯುವುದು ಎರಡು ತಾಸು, ದೇವನಹಳ್ಳಿಯಿಂದ ಬೆಂಗಳೂರು ನಗರದೊಳಕ್ಕೆ ಮತ್ತೆ ಒಂದು ತಾಸಿಗಿಂತ ಹೆಚ್ಚು. ಇಷ್ಟು ಏರಿಳಿತ ಯಾರಿಗೆ ಯೋಗ್ಯವೆಂದರೆ, ರೈಲಿನ ಕುಲುಕಾಟವನ್ನೇ ತಾಳಲಾಗದವರಿಗೆ ಮತ್ತು ವೈದ್ಯರು ವಿಮಾನಕ್ಕೆ ಒಪ್ಪಿಗೆ ಕೊಟ್ಟವರಿಗೆ. ಅಂಥವರು ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬೇಕೆಂದು ನಮೂದಿಸಬೇಕು, ಮೆಟ್ಟಿಲು ಹತ್ತಲಾಗದಿದ್ದರೆ ಅದನ್ನೂ ಬೇರೆಯಾಗಿ ಹೇಳಬೇಕು.

ರೈಲು ಯಾವುದು, ದರ್ಜೆ ಯಾವುದು

ರಾತ್ರಿ ಪ್ರಯಾಣಕ್ಕೆ ಉದ್ಯಾನ್, ಬಸವ ಮತ್ತು ಸೋಲಾಪುರ–ಹಾಸನ ಎಕ್ಸ್‌ಪ್ರೆಸ್‌ಗಳು ನಮ್ಮವರಿಗೆ ಚಿರಪರಿಚಿತ. ಇವುಗಳಲ್ಲಿ ಒಂದನ್ನು ಆರಿಸುವಾಗ ಇಳಿಯುವ ನಿಲ್ದಾಣವನ್ನು ನೋಡಬೇಕು. ಉದ್ಯಾನ್ ಎಕ್ಸ್‌ಪ್ರೆಸ್ ಬೆಂಗಳೂರಿನ ಮೆಜೆಸ್ಟಿಕ್ ನಿಲ್ದಾಣದಲ್ಲಿಯೇ ಕೊನೆಗೊಳ್ಳುವುದರಿಂದ ಎಲ್ಲರೂ ಇಳಿದ ಮೇಲೆ ನಿಧಾನವಾಗಿ ಇಳಿಯಬಹುದು. ಸೋಲಾಪುರ–ಹಾಸನ ರೈಲು ಮೆಜೆಸ್ಟಿಕ್‌ಗೆ ಬರುವುದಿಲ್ಲ. ಯಶವಂತಪುರದಲ್ಲಿ ಸ್ವಲ್ಪ ಹೊತ್ತು ನಿಂತು ಮುಂದೆ ಸಾಗುತ್ತದೆ, ಹಾಗಾಗಿ ಬೆಳಗಿನ ನಿದ್ದೆಗಣ್ಣಿನಲ್ಲಿ ಅವಸರವಾಗುತ್ತದೆ. 2024ರ ಮಾರ್ಚ್‌ನಲ್ಲಿ ಆರಂಭವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ಹಗಲಿನದ್ದು, ಅದರಲ್ಲಿ ಕುರ್ಚಿಗಳು ಮಾತ್ರ ಇವೆ. ಕಾಲಿನಲ್ಲಿ ಬಾವು ಬರುವವರು ಎಂಟು ತಾಸಿಗೂ ಹೆಚ್ಚು ಕಾಲು ಇಳಿಬಿಟ್ಟು ಕೂರುವುದು ಒಳ್ಳೆಯದಲ್ಲ. ಉಳಿದ ಹಿರಿಯರಿಗೆ ಅದೂ ಒಂದು ಒಳ್ಳೆಯ ಆಯ್ಕೆಯೇ.

ಖರ್ಚಿಗೆ ಅವಕಾಶವಿದ್ದರೆ ಎರಡನೇ ದರ್ಜೆಯ ಎಸಿ, ಅಂದರೆ ಟೂ ಟಯರ್, ತೆಗೆದುಕೊಳ್ಳಬೇಕು. ಅಲ್ಲಿ ಮಧ್ಯದ ಬರ್ತ್ ಇರುವುದಿಲ್ಲವಾದ್ದರಿಂದ ಕೆಳಗಿನವರು ತಲೆ ತಗ್ಗಿಸದೆ ಕೂರಬಹುದು. ತ್ರೀ ಟಯರ್ ಮತ್ತು ಸ್ಲೀಪರ್‌ನಲ್ಲಿ ಮಲಗುವ ಸಮಯ ರಾತ್ರಿ 10ರಿಂದ ಬೆಳಿಗ್ಗೆ 6. ಅದಕ್ಕೆ ಮೊದಲು ಕೆಳಗಿನ ಬರ್ತ್ ಮೇಲೆ ಸಹಪ್ರಯಾಣಿಕರೂ ಕೂರಬಹುದು, ಹಿರಿಯರು ಕಾಯಬೇಕಾಗುತ್ತದೆ.

ಟಿಕೆಟನ್ನು ಎರಡಾಗಿ ಮಾಡಿಸುವುದು

ಇದೇ ಈ ಲೇಖನದ ಮುಖ್ಯ ಮಾತು. ರೈಲ್ವೆಯಲ್ಲಿ ಹಿರಿಯರಿಗೆಂದು ಕೆಳಗಿನ ಬರ್ತ್‌ಗಳ ಪ್ರತ್ಯೇಕ ಕೋಟಾ ಇದೆ. ಐಆರ್‌ಸಿಟಿಸಿ ಪರದೆಯಲ್ಲಿ ಅದು LOWER BERTH/SR.CITIZEN ಎಂಬ ಹೆಸರಿನಲ್ಲಿ ಕಾಣಿಸುತ್ತದೆ. 60 ವರ್ಷ ತುಂಬಿದ ಪುರುಷರು ಮತ್ತು 45 ವರ್ಷ ತುಂಬಿದ ಮಹಿಳೆಯರು ಇದಕ್ಕೆ ಅರ್ಹರು. ಆದರೆ ಒಂದು ಕಟ್ಟುನಿಟ್ಟಿನ ಷರತ್ತಿದೆ: ಆ ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರು ಮಾತ್ರ ಇರಬೇಕು, ಇಬ್ಬರಿದ್ದರೆ ಇಬ್ಬರೂ ಅರ್ಹರಾಗಿರಬೇಕು. ತಂದೆಯ ಜೊತೆ ಮಗನ ಹೆಸರು ಸೇರಿದರೂ, ಮೂವರು ಹಿರಿಯರನ್ನು ಒಟ್ಟಿಗೆ ಸೇರಿಸಿದರೂ ಈ ಕೋಟಾ ಸಿಗುವುದಿಲ್ಲ. ಎಲ್ಲರೂ ಜೊತೆಗಿರಲಿ ಎಂಬ ಪ್ರೀತಿಯಿಂದ ಇಡೀ ಕುಟುಂಬವನ್ನು ಒಂದೇ ಟಿಕೆಟ್‌ನಲ್ಲಿ ಹಾಕಿಸುವವರೇ ಇಲ್ಲಿ ಹೆಚ್ಚಾಗಿ ಸೋಲುತ್ತಾರೆ.

ಒಂದು ಕುಟುಂಬವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಂದೆಗೆ 72 ವರ್ಷ, ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ. ತಾಯಿಗೆ 66, ಮಂಡಿನೋವು. ಜೊತೆಗೆ ಮಗ, ಸೊಸೆ ಮತ್ತು ಏಳು ವರ್ಷದ ಮೊಮ್ಮಗಳು. ಪ್ರಯಾಣ ಮಾರ್ಚ್ 2ರಂದು. ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ಆರಂಭವಾಗುವುದರಿಂದ ಜನವರಿ 1ರ ಬೆಳಿಗ್ಗೆ 8 ಗಂಟೆಗೆ ಸಿದ್ಧರಾಗಿರಬೇಕು. ಈ ಕೋಟಾದಲ್ಲಿ ಟೂ ಟಯರ್ ಬೋಗಿಯೊಂದಕ್ಕೆ ಮೂರು ನಾಲ್ಕು, ತ್ರೀ ಟಯರ್‌ಗೆ ನಾಲ್ಕೈದು, ಸ್ಲೀಪರ್‌ಗೆ ಆರೇಳು ಬರ್ತ್‌ಗಳಷ್ಟೇ ಇರುತ್ತವೆ. ಗರ್ಭಿಣಿಯರೂ ಇದರಲ್ಲಿಯೇ ಪಾಲುದಾರರು, ಹೀಗಾಗಿ ಬೇಗ ಮುಗಿದುಹೋಗುತ್ತವೆ.

ಮೊದಲು ತಂದೆತಾಯಿ ಇಬ್ಬರ ಟಿಕೆಟನ್ನು ಮಾತ್ರ ಈ ಕೋಟಾದಲ್ಲಿ ಮಾಡಬೇಕು. ಆಧಾರ್‌ನಲ್ಲಿರುವ ವಯಸ್ಸನ್ನೇ ಬರೆಯಬೇಕು, ಏಕೆಂದರೆ ರೈಲಿನಲ್ಲಿ ಗುರುತಿನ ಚೀಟಿ ತೋರಿಸಬೇಕಾಗಬಹುದು. ಟಿಕೆಟ್ ಬಂದ ಕೂಡಲೇ ಬೋಗಿಯ ಹೆಸರನ್ನು ನೋಡಿಕೊಳ್ಳಬೇಕು. ಅದು ಎ1 ಎಂದಿದ್ದರೆ, ಉಳಿದ ಮೂವರ ಟಿಕೆಟನ್ನು ಸಾಮಾನ್ಯ ಕೋಟಾದಲ್ಲಿ ಮಾಡುವಾಗ ಇಷ್ಟದ ಬೋಗಿ ಕೇಳುವ ಜಾಗದಲ್ಲಿ ಅದನ್ನೇ ನಮೂದಿಸಬೇಕು. ಅದೇ ಬೋಗಿ ಸಿಗುವ ಭರವಸೆಯಿಲ್ಲ, ಆದರೆ ಮೊದಲ ದಿನವೇ ಮಾಡಿದರೆ ಸಿಗುವ ಸಾಧ್ಯತೆ ಚೆನ್ನಾಗಿರುತ್ತದೆ. ಮೊಮ್ಮಗಳಿಗೆ ಬೇರೆ ಬರ್ತ್ ಬೇಕಾದರೆ ಪೂರ್ಣ ದರ, ಬೇಡವೆಂದರೆ ಅರ್ಧ ದರ.

ಬಂದ ಸಂಖ್ಯೆ ಕೆಳಗಿನ ಬರ್ತ್ ಹೌದೇ ಎಂದು ಲೆಕ್ಕದಿಂದಲೂ ತಿಳಿಯಬಹುದು. ಟೂ ಟಯರ್‌ನಲ್ಲಿ ಸಂಖ್ಯೆಯನ್ನು 6ರಿಂದ ಭಾಗಿಸಿದಾಗ ಶೇಷ 1 ಅಥವಾ 3 ಉಳಿದರೆ ಅದು ಕೆಳಗಿನದು, 5 ಉಳಿದರೆ ಪಕ್ಕದ ಸಾಲಿನ ಕೆಳಗಿನದು. ತ್ರೀ ಟಯರ್ ಮತ್ತು ಸ್ಲೀಪರ್‌ನಲ್ಲಿ 8ರಿಂದ ಭಾಗಿಸಬೇಕು. 1 ಮತ್ತು 4 ಕೆಳಗಿನವು, 7 ಪಕ್ಕದ ಕೆಳಗಿನದು. ನಮ್ಮ ಉದಾಹರಣೆಯ ತಂದೆತಾಯಿಗೆ ಟೂ ಟಯರ್‌ನಲ್ಲಿ 7 ಮತ್ತು 9 ಬಂದರೆ ಅವು ಎರಡನೆಯ ವಿಭಾಗದ ಎದುರುಬದುರು ಕೆಳಗಿನ ಬರ್ತ್‌ಗಳು. ಶೌಚಾಲಯ ಹತ್ತಿರ, ಆದರೆ ಬಾಗಿಲ ಪಕ್ಕದ ಗದ್ದಲವಿಲ್ಲ. ಎಲ್ಲರೂ ಬಯಸುವ ಬೋಗಿಯ ನಡುಭಾಗ ರಾತ್ರಿ ಏಳುವ ಹಿರಿಯರಿಗೆ ಅಷ್ಟು ಹಿತವಲ್ಲ, ಓಡುವ ರೈಲಿನಲ್ಲಿ ಅಷ್ಟು ದೂರ ನಡೆಯಬೇಕಾಗುತ್ತದೆ.

ಕೋಟಾ ಮುಗಿದಿದ್ದರೆ

ಸಾಮಾನ್ಯ ಕೋಟಾದಲ್ಲಿಯೂ ತಂದೆತಾಯಿಯ ಟಿಕೆಟನ್ನು ಬೇರೆಯಾಗಿಯೇ ಮಾಡಿ, ಕನಿಷ್ಠ ಒಂದು ಕೆಳಗಿನ ಬರ್ತ್ ಸಿಕ್ಕರೆ ಮಾತ್ರ ಟಿಕೆಟ್ ಆಗಲಿ ಎಂಬ ಆಯ್ಕೆಯನ್ನು ಗುರುತು ಮಾಡಬೇಕು. ತತ್ಕಾಲ್‌ನಲ್ಲಿ ಹಿರಿಯರ ಕೋಟಾ ದೊರೆಯುವುದಿಲ್ಲ. ಆರ್‌ಎಸಿ ಎಂದರೆ ಪಕ್ಕದ ಕೆಳಗಿನ ಬರ್ತ್‌ನಲ್ಲಿ ಇಬ್ಬರು ಕುಳಿತು ಸಾಗುವುದು. ಅದು ಖಚಿತವಾಗದಿದ್ದರೆ ರಾತ್ರಿಯಿಡೀ ಕೂರಬೇಕಾಗುತ್ತದೆ, ಆದ್ದರಿಂದ ದಿನವನ್ನೇ ಮುಂದೂಡುವುದು ಲೇಸು. ಮೇಲಿನ ಬರ್ತ್ ಬಂದೇಬಿಟ್ಟರೆ, ಟಿ.ಸಿ. ಬಂದಾಗ ಹಿರಿಯರ ವಯಸ್ಸನ್ನು ತೋರಿಸಿ ಖಾಲಿ ಉಳಿದ ಕೆಳಗಿನ ಬರ್ತ್ ಕೇಳಬೇಕು. ಅದನ್ನು ಹಿರಿಯರಿಗೆ ಕೊಡಲು ಅವರಿಗೆ ಅಧಿಕಾರವಿದೆ. ಸಹಪ್ರಯಾಣಿಕರನ್ನು ಕೇಳುವುದಾದರೆ ಅವರು ಹಾಸಿಗೆ ಹಾಸಿಕೊಳ್ಳುವ ಮುನ್ನವೇ ಕೇಳಬೇಕು.

ಹೊರಡುವ ದಿನ ಮತ್ತು ರಾತ್ರಿ

ಈ ರೈಲುಗಳು ಬೇರೆ ಊರಿನಿಂದ ಬಂದು ಕಲಬುರಗಿಯಲ್ಲಿ ಕೆಲವೇ ನಿಮಿಷ ನಿಲ್ಲುತ್ತವೆ, ಯಾದಗಿರಿಯಲ್ಲಿಯೂ ಅಷ್ಟೇ. ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ವಿಚಾರಣಾ ಕಿಟಕಿಯಲ್ಲಿ ಕೇಳಿ, ಹಿರಿಯರನ್ನು ಮೊದಲೇ ಆ ಜಾಗದಲ್ಲಿ ಕೂರಿಸಬೇಕು. ಮಗ ಮೊದಲು ಹತ್ತಿ ಮೇಲಿನಿಂದ ಕೈ ಕೊಡಬೇಕು, ಸೊಸೆ ಹಿಂದಿನಿಂದ ಆಸರೆಯಾಗಬೇಕು, ಸಾಮಾನು ಕೊನೆಗೆ. ಇದರ ಕ್ರಮ ತಿರುಗುಮುರುಗಾಗಿ, ಚೀಲಗಳೆಲ್ಲ ಹತ್ತಿದ ಮೇಲೆ ತಾಯಿ ಇನ್ನೂ ಕೆಳಗೇ ನಿಂತಿರುವುದನ್ನು ನಮ್ಮ ಪ್ಲಾಟ್‌ಫಾರ್ಮುಗಳಲ್ಲಿ ಆಗಾಗ ಕಾಣುತ್ತೇವೆ.

ಮೂತ್ರ ಹೆಚ್ಚಿಸುವ ಮಾತ್ರೆಯ ಹೊತ್ತನ್ನು ಆ ದಿನಕ್ಕೆ ಬದಲಿಸಬಹುದೇ ಎಂದು ವೈದ್ಯರನ್ನು ವಾರದ ಮೊದಲೇ ಕೇಳಬೇಕು, ತಾವಾಗಿಯೇ ಬಿಡಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕೈಗೆ ಬಂದ ಮೇಲಷ್ಟೇ ಚುಚ್ಚಿಕೊಳ್ಳಬೇಕು. ರೈಲಿನ ಊಟ ತಡವಾಗಬಹುದಾದ್ದರಿಂದ ಮನೆಯ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುವುದೇ ಕ್ಷೇಮ. ಮಾತ್ರೆಗಳು, ಟಾರ್ಚು ಮತ್ತು ಜಾರದ ಚಪ್ಪಲಿ ಬರ್ತ್ ಕೆಳಗಿನ ಚೀಲದಲ್ಲಲ್ಲ, ದಿಂಬಿನ ಬದಿಗೆ ಇರಬೇಕು. ಎದ್ದ ಕೂಡಲೇ ನಡೆಯದೆ ಎರಡು ನಿಮಿಷ ಅಂಚಿನಲ್ಲಿ ಕುಳಿತು, ತಲೆ ಸುತ್ತದಿದ್ದರೆ ಮಾತ್ರ ನಿಲ್ಲುವಂತೆ ಹೇಳಬೇಕು. ಶೌಚಾಲಯದ ಬಾಗಿಲವರೆಗೆ ಮನೆಯವರೊಬ್ಬರು ಜೊತೆಗಿರಬೇಕು. ಮಾರ್ಗದಲ್ಲಿ ಆರೋಗ್ಯ ಕೆಟ್ಟರೆ 139ಕ್ಕೆ ಕರೆ ಮಾಡಿ ಪಿಎನ್‌ಆರ್ ಸಂಖ್ಯೆ, ಬೋಗಿ, ಬರ್ತ್ ತಿಳಿಸಿದರೆ ಮುಂದಿನ ನಿಲ್ದಾಣಕ್ಕೆ ವೈದ್ಯರನ್ನು ಕರೆಸುವ ವ್ಯವಸ್ಥೆ ಇದೆ.

ಬರುವಾಗಿನ ಟಿಕೆಟಿಗೂ ಇದೇ ನಿಯಮ, ಆದರೆ ಅದರ 60 ದಿನ ಬೇರೆ ತಾರೀಖಿಗೆ ತೆರೆಯುತ್ತದೆ. ಆಸ್ಪತ್ರೆಯ ಕೆಲಸ ಎಂದು ಮುಗಿಯುವುದೋ ತಿಳಿಯದಿದ್ದರೆ ತಂದೆತಾಯಿಯ ಎರಡು ಬರ್ತ್‌ಗಳನ್ನಾದರೂ ಅಂದಾಜಿನ ದಿನಕ್ಕೆ ಕಾಯ್ದಿರಿಸಿಡಬೇಕು. ದಿನ ಬದಲಾದರೆ ರದ್ದತಿ ಶುಲ್ಕ ಹೋಗುತ್ತದೆ, ಅದನ್ನು ಪ್ರಯಾಣದ ಖರ್ಚಿನಲ್ಲಿ ಮೊದಲೇ ಸೇರಿಸಿಕೊಂಡಿರಬೇಕು.