ವಾರ್ಷಿಕೋತ್ಸವದ ನಾಟಕಕ್ಕೆ ಸೀಟು ನಕ್ಷೆ: ಒಂದು ಮನೆಯವರನ್ನು ಒಟ್ಟಿಗೆ ಕೂರಿಸಿದ್ದು ಹೀಗೆ

ನಮ್ಮದು ಕಾಸರಗೋಡು ಕಡೆಯ ಕನ್ನಡ ಮಾಧ್ಯಮ ಶಾಲೆ. ವಾರ್ಷಿಕೋತ್ಸವದ ದಿನ ಮಕ್ಕಳ ನಾಟಕ ಅಂದರೆ ಅಪ್ಪ ಅಮ್ಮ ಮಾತ್ರ ಅಲ್ಲ, ಅಜ್ಜ, ಅಜ್ಜಿ, ಅತ್ತೆ, ಗಲ್ಫಿನಿಂದ ರಜೆಯಲ್ಲಿ ಬಂದ ಮಾವ, ಎಲ್ಲರೂ ಬರುತ್ತಾರೆ. ಹಾಲ್ ಮಾತ್ರ ಸಣ್ಣದು. 12 ಸಾಲು, ಸಾಲಿಗೆ 14 ಕುರ್ಚಿ, ಒಟ್ಟು 168. ಮೊದಲೆಲ್ಲ ಆಫೀಸಿನಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆಯುತ್ತಿದ್ದರು. ಸೀಟು ಸಿಗುತ್ತಿತ್ತು, ಆದರೆ ಮನೆಯವರು ಮೂರು ಸಾಲಲ್ಲಿ ಚದುರಿ ಹೋಗುತ್ತಿದ್ದರು. ಈ ಸಲ ಪಿಟಿಎಯವರು ಕೇಳಿದಾಗ ಮೊಬೈಲಿನಲ್ಲೇ ಸೀಟು ಆರಿಸುವ ಹಾಗೆ ನಾನೇ ಒಂದು ಪುಟ ಮಾಡಿದೆ. ಆ ಪುಟದ ಹಿಂದೆ ಲೆಕ್ಕ ಇಡಲು ಒಂದು ಎಸ್‌ಕ್ಯೂಲೈಟ್ ಫೈಲು, ಅಷ್ಟೇ.

ನಕ್ಷೆಯನ್ನು ಹಾಲಿನಲ್ಲೇ ನಿಂತು ಬರೆದೆ. ನಡುವೆ ದಾರಿ, ಎಡಕ್ಕೆ 1ರಿಂದ 7, ಬಲಕ್ಕೆ 8ರಿಂದ 14. ಲೆಕ್ಕದಲ್ಲಿ 7 ಮತ್ತು 8 ಅಕ್ಕಪಕ್ಕ, ನಿಜದಲ್ಲಿ ಅವುಗಳ ನಡುವೆ ಜನ ಓಡಾಡುತ್ತಾರೆ. ಹಾಗಾಗಿ ಪ್ರತಿ ಸೀಟಿಗೂ ಸಾಲು ಮತ್ತು ನಂಬರ್ ಜೊತೆಗೆ ಅದು ಯಾವ ತುಂಡಿಗೆ ಸೇರಿದ್ದು ಅಂತಲೂ ಬರೆದಿಟ್ಟೆ. ಒಟ್ಟಿಗೆ ಕೂರುವುದು ಅಂದರೆ ಒಂದೇ ತುಂಡಿನಲ್ಲಿ ಬಿಡದೆ ಬರುವ ನಂಬರುಗಳು.

ಮನೆಗೊಂದು ಕೋಡ್ ಕೊಟ್ಟೆವು, ಮಗುವಿಗೊಂದಲ್ಲ. ಅಣ್ಣ ಏಳನೇ ಕ್ಲಾಸು, ತಂಗಿ ಮೂರನೇ ಕ್ಲಾಸು ಇದ್ದರೂ ಕೋಡ್ ಒಂದೇ, ಸೀಟು 4. ಕೂಡು ಮನೆಯವರು, ಅಂದರೆ ಅಣ್ಣತಮ್ಮಂದಿರ ಮಕ್ಕಳು ಒಂದೇ ಶಾಲೆಯಲ್ಲಿ ಇರುವವರು, ಎರಡು ಕೋಡ್ ಸೇರಿಸಿ ಒಂದೇ ಗುಂಪಾಗಿ ತಗೊಳ್ಳಬಹುದು. ಆದರೆ ಒಂದು ತುಂಡಿನಲ್ಲಿ ಇರುವುದೇ 7. ಅಂಥವರಿಗೆ ಹಿಂದೆ ಮುಂದೆ ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಕೊಡುತ್ತೇವೆ. ಅಜ್ಜಿ ಮುಂದೆ, ಮೊಮ್ಮಕ್ಕಳು ಅವರ ಬೆನ್ನ ಹಿಂದೆ. ಒಂದೇ ಸಾಲಲ್ಲಿ ಉದ್ದಕ್ಕೆ ಕೂರುವುದಕ್ಕಿಂತ ಇದೇ ಅವರಿಗೆ ಜಾಸ್ತಿ ಇಷ್ಟವಾಯಿತು.

ಇನ್ನು ಹೋಲ್ಡ್. ಆಟ ನೋಡಲು ಹೋದಾಗ ಕುರ್ಚಿ ಮೇಲೆ ಬೈರಾಸು ಹಾಕಿ ಜಾಗ ಹಿಡಿಯುತ್ತೇವೆ ಅಲ್ವಾ, ಇದೂ ಅದೇ. ಇಲ್ಲಿ ಬೈರಾಸಿಗೆ 10 ನಿಮಿಷದ ಆಯುಷ್ಯ, ಅಷ್ಟೇ ವ್ಯತ್ಯಾಸ. ಸೀಟು ಒತ್ತಿದ ಕೂಡಲೇ ಅದು ನಿಮ್ಮ ಮನೆಯ ಹೆಸರಿನಲ್ಲಿ ನಿಲ್ಲುತ್ತದೆ, ಅಷ್ಟರಲ್ಲಿ ಮನೆಯಲ್ಲಿ ಕೇಳಿ ಖಚಿತ ಮಾಡಬೇಕು. ಕ್ಲಾಸಿನ ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಹೋಗುವುದು ಒಂದೇ ಹೊತ್ತಿಗೆ, ಒತ್ತುವುದೂ ಎಲ್ಲರೂ ಒಟ್ಟಿಗೆ. ಆಗ ಮೊದಲು ಸೀಟು ಖಾಲಿ ಇದೆಯಾ ಅಂತ ನೋಡಿ, ಆಮೇಲೆ ಬೇರೆಯಾಗಿ ಬರೆದರೆ ಕೆಟ್ಟಿತು. ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಇನ್ನೊಬ್ಬರು ನುಗ್ಗುತ್ತಾರೆ, ಇಬ್ಬರಿಗೂ ಒಂದೇ ಸೀಟು ಸಿಕ್ಕಿತು ಅಂತ ತೋರಿಸುತ್ತದೆ. ಅದಕ್ಕೆ ನೋಡುವುದು, ಬರೆಯುವುದು ಎರಡನ್ನೂ ಒಂದೇ ಏಟಿಗೆ ಮಾಡಬೇಕು:

```sql
BEGIN IMMEDIATE;
UPDATE seats SET held_by = NULL, hold_until = NULL
 WHERE held_by = :fam AND booked_by IS NULL;
UPDATE seats SET held_by = :fam, hold_until = :until
 WHERE id IN ('D1','D2','D3','D4')
   AND booked_by IS NULL AND house = 0
   AND (held_by IS NULL OR hold_until < :now);
```

ಇದಾದ ಮೇಲೆ ಎರಡನೇ `UPDATE` ಎಷ್ಟು ಸೀಟು ಬದಲಿಸಿತು ಅಂತ ನೋಡುತ್ತೇನೆ. 4 ಅಂತ ಬಂದರೆ `COMMIT`. 3 ಅಂತ ಬಂದರೂ `ROLLBACK`, ಯಾಕೆಂದರೆ ಮೂವರಿಗೆ ಸೀಟು ಸಿಕ್ಕಿ ಅಜ್ಜಿಗೆ ಸಿಗದಿದ್ದರೆ ಆ ಮನೆಯವರಿಗೆ ಏನೂ ಸಿಗದ ಹಾಗೇ. ಮೊದಲ `UPDATE` ಹಳೆಯ ಹೋಲ್ಡನ್ನು ಬಿಡುತ್ತದೆ, ಇಲ್ಲದಿದ್ದರೆ ಮನಸ್ಸು ಬದಲಿಸಿದ ಪ್ರತಿ ಸಲ ಒಂದೊಂದು ಗುಂಪು ಸೀಟು ಸುಮ್ನೆ ಹಿಡಿದುಕೊಂಡು ಕೂರುತ್ತದೆ. ಎರಡೂ ಒಂದೇ ವಹಿವಾಟಿನೊಳಗೆ ಇರುವುದರಿಂದ ಹೊಸ ಜಾಗ ಸಿಗದಿದ್ದರೆ ಹಳೆಯದೂ ಕೈ ಬಿಡುವುದಿಲ್ಲ. ಇದು ಬಹಳ ಮುಖ್ಯ. ಇನ್ನೂ ಒಳ್ಳೆಯ ಸೀಟು ಹುಡುಕಲು ಹೋದವರು ಇದ್ದದ್ದನ್ನೂ ಕಳಕೊಳ್ಳಬಾರದು.

ಅವಧಿ ಮುಗಿದ ಹೋಲ್ಡುಗಳನ್ನು ಅಳಿಸಲು ಬೇರೆ ಪ್ರೋಗ್ರಾಂ ಇಟ್ಟಿಲ್ಲ. ಹೊತ್ತು ಮೀರಿದ್ದನ್ನು ಓದುವಾಗಲೇ ಖಾಲಿ ಅಂತ ಲೆಕ್ಕ ಹಾಕಿದರೆ ಸಾಕು. ಇದರಿಂದ ಒಂದು ಉಪಕಾರವೂ ಇದೆ. 11ನೇ ನಿಮಿಷಕ್ಕೆ ಒಬ್ಬ ತಾಯಿ ಖಚಿತ ಮಾಡುವ ಬಟನ್ ಒತ್ತಿದರು ಅಂತ ಇಟ್ಟುಕೊಳ್ಳಿ. ಆ ಸೀಟುಗಳ `held_by` ಇನ್ನೂ ಅವರದ್ದೇ ಆಗಿದ್ದರೆ, ನಡುವೆ ಬೇರೆ ಯಾರೂ ತಗೊಂಡಿಲ್ಲ ಅಂತ ಅರ್ಥ. ಹಾಗಿದ್ದರೆ ಧಾರಾಳವಾಗಿ ಕೊಟ್ಟುಬಿಡಬಹುದು. ಹೊತ್ತು ಯಾವತ್ತೂ ಸರ್ವರಿನದ್ದೇ ನೋಡಬೇಕು. ಶಾರ್ಜಾದಲ್ಲಿ ಕೂತು ಅದೇ ಕೋಡಿನಿಂದ ಸೀಟು ನೋಡುವ ಅಪ್ಪನ ಫೋನಿನ ಗಡಿಯಾರ ಒಂದೂವರೆ ಗಂಟೆ ಹಿಂದೆ ಇರುತ್ತದೆ. ಫೋನಿಗೆ ಉಳಿದ ಸೆಕೆಂಡುಗಳನ್ನು ಮಾತ್ರ ಕಳಿಸುತ್ತೇನೆ.

ಜಾಸ್ತಿ ತಲೆ ಕೆಡಿಸಿದ್ದು ಒಂಟಿ ಸೀಟು. ಡಿ ಸಾಲಿನ ಎಡ ತುಂಡು ಪೂರ್ತಿ ಖಾಲಿ, ನಾಲ್ವರು 2ರಿಂದ 5ರವರೆಗೆ ಒತ್ತಿದರು. ಈಗ 1 ಒಂಟಿ, 6 ಮತ್ತು 7 ಜೋಡಿ. ಆ 1ನೇ ಸೀಟಿಗೆ ಯಾರೂ ಬರುವುದಿಲ್ಲ, ಯಾಕೆಂದರೆ ಒಬ್ಬರೇ ಬರುವವರು ನಮ್ಮಲ್ಲಿ ಇಲ್ಲ ಅಂದರೂ ಸರಿ. ಒಂದು ಸೀಟು ಎಡಕ್ಕೆ ಸರಿದು 1ರಿಂದ 4 ತಗೊಂಡರೆ 5, 6, 7 ಮೂರೂ ಒಟ್ಟಿಗೆ ಉಳಿಯುತ್ತವೆ, ಇನ್ನೊಂದು ಮನೆಗೆ ಆಗುತ್ತದೆ. ಹಾಗಾಗಿ ಹೊಸದಾಗಿ ಒಂಟಿ ಸೀಟು ಹುಟ್ಟುವುದಾದರೆ ಅದೇ ತುಂಡಿನಲ್ಲಿ ಅತ್ತಿತ್ತ ಸರಿಸಿ ನೋಡುತ್ತೇನೆ. ಒಂಟಿ ಉಳಿಯದ ಜಾಗ ಇದ್ದರೆ "ಒಂದು ಸೀಟು ಎಡಕ್ಕೆ ಸರಿಯಬಹುದಾ?" ಅಂತ ಕೇಳಿ ಅದನ್ನೇ ಕೊಡುತ್ತೇನೆ. ಅಂಥ ಜಾಗವೇ ಇಲ್ಲದಿದ್ದರೆ, ಉದಾಹರಣೆಗೆ 7ರಲ್ಲಿ 6 ಮಂದಿ ಕೂರುವಾಗ, ತಡೆಯುವುದಿಲ್ಲ. ಮೊದಲೇ ಒಂಟಿಯಾಗಿದ್ದ ಸೀಟಿಗೆ ಈಗ ಬಂದವರನ್ನು ಹೊಣೆ ಮಾಡುವುದೂ ಇಲ್ಲ. ಈ ಎರಡು ವಿನಾಯಿತಿ ಇಲ್ಲದಿದ್ದರೆ ಸಾಲು ತುಂಬುತ್ತಾ ಬಂದ ಹಾಗೆ ನಿಯಮವೇ ಜನರನ್ನು ಹೊರಗೆ ನಿಲ್ಲಿಸುತ್ತದೆ.

ಮೇಲಿನ ಎರಡನೇ `UPDATE`ನಲ್ಲಿ `house = 0` ಅಂತ ಇದೆಯಲ್ಲ, ಅದು ಶಾಲೆಯವರೇ ತೆಗೆದಿಟ್ಟ ಸೀಟುಗಳಿಗೆ. ಎ ಮತ್ತು ಬಿ ಸಾಲಿನ ದಾರಿ ಬದಿಯ ಸೀಟುಗಳು ಮೊಣಕಾಲು ನೋವಿನವರಿಗೆ. ಬಾಗಿಲ ಹತ್ತಿರದ ಕೆಲವು ಸೀಟು ಚೌಕಿಯಲ್ಲಿ ಮಕ್ಕಳಿಗೆ ಬಣ್ಣ ಹಚ್ಚಿ, ಉಡುಪು ತೊಡಿಸಿ ತಡವಾಗಿ ಹೊರಬರುವ ಅಮ್ಮಂದಿರಿಗೆ. ಇವಕ್ಕೆ ಗಡುವಿಲ್ಲ. ಬಿಡಬೇಕಾದರೆ ಟೀಚರೇ ಕೈಯಾರೆ ಬಿಡಬೇಕು.

ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗೆ ಕ್ಲಾಸ್ ಟೀಚರ್ ತಮ್ಮ ಫೋನಿನಿಂದ ಅದೇ ಪುಟದಲ್ಲಿ, ಆ ಮನೆಯ ಕೋಡ್ ಹಾಕಿ ಆರಿಸಿ ಕೊಟ್ಟರು. ಇದಕ್ಕೆ ಬೇರೆ ಕಾಗದದ ಪಟ್ಟಿ ಇಡಲು ನಾನು ಒಪ್ಪಲಿಲ್ಲ. ಎರಡು ಕಡೆ ಲೆಕ್ಕ ಇದ್ದರೆ ಒಂದೇ ಸೀಟು ಇಬ್ಬರಿಗೆ ಹೋಗುವುದನ್ನು ಯಾವ ಡೇಟಾಬೇಸೂ ತಡೆಯುವುದಿಲ್ಲ.

ಕುರ್ಚಿಗಳು ಪ್ಲಾಸ್ಟಿಕ್ಕಿನವು, ಎಳೆದರೆ ಬರುತ್ತವೆ. ಒಂದನ್ನು ಯಾರಾದರೂ ಹಿಂದಿನ ಸಾಲಿಗೆ ಎಳೆದರೆ ನಕ್ಷೆಗೂ ಹಾಲಿಗೂ ತಾಳೆಯಾಗುವುದಿಲ್ಲ. ಅದಕ್ಕೆ ನಂಬರ್ ಚೀಟಿ ಅಂಟಿಸಿದ ಮೇಲೆ ಪ್ರತಿ ತುಂಡಿನ ಏಳು ಕುರ್ಚಿಗಳ ಕಾಲುಗಳನ್ನು ಹಗ್ಗದಿಂದ ಒಟ್ಟಿಗೆ ಕಟ್ಟಿದೆವು. ಸಾಲಿನ ಹೆಸರನ್ನು ಗೋಡೆ ಬದಿಯಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಬರೆದೆವು. ಬುಕ್ ಮಾಡಿ ಬಾರದವರ ಸೀಟು ಎರಡನೇ ಬೆಲ್‌ವರೆಗೆ ಅವರದ್ದೇ. ಆಮೇಲೆ ಹಿಂದೆ ನಿಂತವರಿಗೆ ಬಿಡುತ್ತೇವೆ ಅಂತ ಬುಕ್ಕಿಂಗ್ ಪುಟದಲ್ಲೇ ಮೊದಲೇ ಬರೆದಿತ್ತು, ಬಾಗಿಲಲ್ಲಿ ನಿಂತ ಮಾಷ್ಟ್ರು ಫೋನಿನಲ್ಲಿ ನಕ್ಷೆ ನೋಡಿಯೇ ಅವರನ್ನು ಕೂರಿಸಿದರು.