ಪ್ರಮೋಷನ್ ಸಂದರ್ಶನದಲ್ಲಿ ‘ನಿಮಗೆ ಗೊತ್ತೇ ಇದೆಯಲ್ಲ ಸರ್’ ಅನ್ನಬೇಡಿ

ಕೊಡಗಿನ ಪಾಲಿಬೆಟ್ಟ ಕಡೆಯ ಒಂದು ಕಂಪನಿಯ ಕಾಫಿ ಎಸ್ಟೇಟ್ ಅಂದುಕೊಳ್ಳಿ. ಎಂಟು ವರ್ಷದಿಂದ ಅಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವವರೊಬ್ಬರು ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆಯ ಸಂದರ್ಶನಕ್ಕೆ ಕೂತಿದ್ದಾರೆ. ಎದುರಿಗೆ ಅವರದೇ ಮ್ಯಾನೇಜರ್, ಪಕ್ಕದಲ್ಲಿ ಹೆಡ್ ಆಫೀಸಿನಿಂದ ಬಂದ ಒಬ್ಬರು. ಪ್ರಶ್ನೆ: ‘ದಿಢೀರನೆ ತೊಂದರೆ ಎದುರಾದಾಗ ನೀವು ನಿರ್ಧಾರ ತೆಗೆದುಕೊಂಡ ಒಂದು ಸಂದರ್ಭ ಹೇಳಿ.’

ಉತ್ತರ ಬರುತ್ತದೆ: ‘ಸರ್, ನಿಮಗೆ ಗೊತ್ತೇ ಇದೆಯಲ್ಲ, ಜನವರಿಯಲ್ಲಿ ಮಳೆ ಬಂತು. ನಾವೆಲ್ಲ ಸೇರಿ ಕಣದಲ್ಲಿದ್ದ ಕಾಫಿ ಉಳಿಸಿದೆವು.’

ಕೆಲಸ ದೊಡ್ಡದೇ. ಆದರೆ ಹೆಡ್ ಆಫೀಸಿನವರಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಿರುವ ಮ್ಯಾನೇಜರಿಗೂ ಬರೆದುಕೊಳ್ಳಲು ಏನೂ ಸಿಗಲಿಲ್ಲ. ಇಂಥ ಸಂದರ್ಶನದಲ್ಲಿ ಅಂಕ ಹಾಕುವುದು ಬಾಯಿಬಿಟ್ಟು ಹೇಳಿದ ಮಾತಿಗೆ. ಹೊರಗಿನಿಂದ ಬಂದವರಿಗಿಂತ ಒಳಗಿನವರೇ ಇಲ್ಲಿ ಜಾಸ್ತಿ ಎಡವುತ್ತಾರೆ.

ಇದಕ್ಕೆ ‘ಸ್ಟಾರ್’ ಎಂಬ ಕ್ರಮವಿದೆ. ಸಿಚುಯೇಷನ್, ಟಾಸ್ಕ್, ಆಕ್ಷನ್, ರಿಸಲ್ಟ್. ಅಂದರೆ ಏನಾಗಿತ್ತು, ನಿಮ್ಮ ಹೊಣೆ ಏನು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. ಅದೇ ಮಳೆಯ ಕಥೆಯನ್ನು ಈ ಕ್ರಮದಲ್ಲಿ ಹೇಳಿ ನೋಡೋಣ.

ಮೊದಲು ಸಂದರ್ಭ. ಮೂರು ವಾಕ್ಯ ಸಾಕು. ‘ರೊಬಸ್ಟಾ ಕುಯ್ಲು ನಡೆಯುತ್ತಿತ್ತು. ಸಂಜೆ ನಾಲ್ಕಕ್ಕೆ ಮೋಡ ಕಟ್ಟಿತು. ಕಣದಲ್ಲಿ ಮೂರು ಲಾಟ್ ಕಾಫಿ ಹರಡಿತ್ತು, ಇದ್ದದ್ದು ಆರು ಆಳು, ಅರ್ಧ ಕಣಕ್ಕೆ ಸಾಲುವಷ್ಟು ಟಾರ್ಪಾಲು.’ ಮ್ಯಾನೇಜರಿಗೆ ಇದು ಗೊತ್ತಿದ್ದರೂ ಹೇಳಿ.

ಆಮೇಲೆ ಹೊಣೆ. ‘ನನ್ನ ಕೆಲಸ ಕುಯ್ಲಿನ ಲೆಕ್ಕ. ಕಣ ನೋಡುವವರು ಆ ದಿನ ಇರಲಿಲ್ಲ, ಹಾಗಾಗಿ ನಿರ್ಧಾರ ನನ್ನ ಮೇಲೆ ಬಂತು.’ ಅಷ್ಟೇ. ರಜೆ ಹಾಕಿದವರ ಮೇಲೆ ದೂರು ಬೇಡ. ಪ್ರಮೋಷನ್ ಸಿಕ್ಕರೆ ನಾಳೆ ಅವರಿಂದ ಕೆಲಸ ಮಾಡಿಸಬೇಕಾದವರು ನೀವೇ, ಅದು ಎದುರು ಕೂತವರಿಗೂ ಗೊತ್ತು.

ಈಗ ಆಕ್ಷನ್. ಎರಡು ನಿಮಿಷದ ಉತ್ತರದಲ್ಲಿ ಒಂದು ನಿಮಿಷಕ್ಕಿಂತ ಜಾಸ್ತಿ ಇದಕ್ಕೇ ಇರಲಿ. ‘ಓಡಿಹೋಗಿ ಮುಚ್ಚಿಸಿದೆ’ ಅಂದರೆ ಸಾಲದು. ಯಾವುದನ್ನು ಮೊದಲು, ಯಾಕೆ ಎಂಬುದು ಬರಬೇಕು:

‘ಒಣಗುತ್ತ ಬಂದ ಲಾಟನ್ನು ಮೊದಲು ಮುಚ್ಚಿಸಿದೆ. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನುವಷ್ಟು ಒಣಗಿತ್ತು. ಅದು ಮತ್ತೆ ನೆನೆದರೆ ಬೂಸ್ಟು ಹಿಡಿಯುತ್ತದೆ. ಅವತ್ತೇ ಕುಯ್ದ ಹಣ್ಣಿನಲ್ಲಿ ಹೇಗೂ ನೀರಿನಂಶ ಇರುತ್ತದೆ, ಅದು ಸ್ವಲ್ಪ ತಡೆಯುತ್ತದೆ. ತೋಟದಿಂದ ಕುಯ್ಲಿನವರನ್ನು ಒಂದು ಗಂಟೆ ಮೊದಲೇ ಕರೆಸಿದೆ. ಅವರ ಸಂಪಾದನೆ ಕಡಿಮೆಯಾಗಬಾರದು ಅಂತ ಮ್ಯಾನೇಜರಿಗೆ ಫೋನ್ ಮಾಡಿ, ಆ ಗಂಟೆಯ ಕೂಲಿಗೆ ಒಪ್ಪಿಗೆ ತೆಗೆದುಕೊಂಡೆ. ಮರುದಿನ ಬೆಳಿಗ್ಗೆ ನೆನೆದದ್ದನ್ನು ಒಣಗಿದ್ದರ ಜೊತೆ ಬೆರೆಸದೆ, ಬೇರೆ ಕಡೆ ತೆಳ್ಳಗೆ ಹರಡಿಸಿದೆ.’

ಇಲ್ಲಿ ‘ನಾವು’ ಇಲ್ಲ ನೋಡಿ. ಒಟ್ಟಿಗೆ ದುಡಿದವರನ್ನು ಬಿಟ್ಟು ‘ನಾನು’ ಅನ್ನುವುದು ನಮ್ಮ ಕಡೆಯವರಿಗೆ ಸಂಕೋಚ, ಅದು ಒಳ್ಳೆಯ ಗುಣವೇ. ಟಾರ್ಪಾಲು ಎಳೆದವರು ಅವರು ಅಂತ ಧಾರಾಳವಾಗಿ ಹೇಳಿ. ಯಾವ ಲಾಟ್ ಮೊದಲು ಅಂತ ತೀರ್ಮಾನಿಸಿದ್ದು ಮಾತ್ರ ನೀವು. ಕೂಲಿಯ ಮಾತನ್ನೂ ಬಿಡಬೇಡಿ. ಕಾಫಿ ಮುಚ್ಚಿಸುವುದು ರೈಟರ್ ಕೆಲಸ. ಆಳುಗಳ ಸಂಪಾದನೆ ಬಗ್ಗೆ ಮುಂಚೆಯೇ ಯೋಚಿಸುವುದು ಮೇಲಿನ ಹುದ್ದೆಯ ಕೆಲಸ. ಕಥೆ ಆರಿಸುವಾಗಲೂ ಇದನ್ನೇ ನೋಡಿ: ಈಗಿನ ಕೆಲಸ ಚೆನ್ನಾಗಿ ಮಾಡಿದ ಕಥೆಗಿಂತ, ಮುಂದಿನ ಹುದ್ದೆಯ ಕೆಲಸ ಒಮ್ಮೆಯಾದರೂ ಮಾಡಿದ ಕಥೆ ಹೆಚ್ಚು ತೂಗುತ್ತದೆ.

ರಿಸಲ್ಟ್‌ನಲ್ಲಿ ಅಳೆಯುವಂಥದ್ದು ಇರಬೇಕು. ‘ಒಣಗಿದ ಲಾಟ್ ಪೂರ್ತಿ ಉಳಿಯಿತು. ಅರ್ಧ ಒಣಗಿದ್ದು ನಾಲ್ಕು ದಿನ ತಡವಾಯಿತು. ಐದು ಮೂಟೆ ಬೂಸ್ಟು ಹಿಡಿದು ಬೇರೆ ಮಾಡಬೇಕಾಯಿತು. ಅಂದಿನಿಂದ ಪ್ರತಿ ಲಾಟಿಗೂ ಹರಡಿದ ದಿನ ಬರೆದ ಹಲಗೆ ನೆಡುತ್ತೇವೆ.’ ಆ ಐದು ಮೂಟೆಯನ್ನು ಮುಚ್ಚಿಡಬೇಡಿ. ಲೆಕ್ಕ ಅದೇ ಆಫೀಸಿನ ರಿಜಿಸ್ಟರಿನಲ್ಲಿದೆ. ಸಂದರ್ಶನಕ್ಕೆ ಮೊದಲು ನೀವೇ ಅದನ್ನು ತೆರೆದು, ದಿನ ಮತ್ತು ಮೂಟೆ ಸರಿನೋಡಿಕೊಳ್ಳಿ.

ಬಾಯಿಪಾಠ ಬೇಡ. ನಾಲ್ಕೈದು ಘಟನೆ ಆರಿಸಿ, ಒಂದೊಂದಕ್ಕೂ ನಾಲ್ಕು ಸಾಲು ಬರೆದು, ಎಸ್ಟೇಟಿಗೆ ಸಂಬಂಧವೇ ಇಲ್ಲದ ಒಬ್ಬರಿಗೆ ಹೇಳಿ ನೋಡಿ. ಅವರು ನಡುವೆ ತಡೆದು ‘ಅದ್ಯಾಕೆ ಹಾಗೆ ಮಾಡಿದಿರಿ?’ ಅಂತ ಕೇಳಿದ ಜಾಗದಲ್ಲಿ ನಿಮ್ಮ ಆಕ್ಷನ್ ತೆಳುವಾಗಿದೆ ಅಂತ ಅರ್ಥ. ಅಲ್ಲಿ ಕಾರಣ ಸೇರಿಸಿ.

ಕೊನೆಗೆ ‘ಮತ್ತೆ ಹಾಗೇ ಆದರೆ ಏನು ಬದಲಿಸುತ್ತೀರಿ?’ ಎಂಬ ಪ್ರಶ್ನೆ ಬರಬಹುದು. ‘ಏನೂ ಇಲ್ಲ ಸರ್’ ಅಂದರೆ ಆ ಐದು ಮೂಟೆ ಹಾಗೇ ಉಳಿಯುತ್ತವೆ. ‘ಕುಯ್ಲು ಶುರುವಾಗುವ ಮೊದಲೇ ಇಡೀ ಕಣಕ್ಕೆ ಸಾಲುವಷ್ಟು ಟಾರ್ಪಾಲು ಕೇಳಿ ಇಡುತ್ತೇನೆ’ ಅನ್ನಿ.